ಇಂಟರ್ನ್‌ಶಿಪ್ ಕೆಲಸಾನೇ ಪ್ರಾಜೆಕ್ಟ್ ಮಾಡ್ಕೊಳ್ಳೋಕೆ ಗೈಡ್‌ಗೆ ಮೇಲ್ ಬರೆಯೋದು ಹೇಗೆ: ಒಂದು ಫೌಂಡ್ರಿ ಉದಾಹರಣೆ ಜೊತೆ

ಇಂಟರ್ನ್‌ಶಿಪ್‌ಗೆ ಹೋದ ಹುಡುಗ್ರು ಹುಡುಗಿಯರಿಂದ ನಮ್ಮಂಥ ಗೈಡ್‌ಗಳಿಗೆ ಬರೋ ಮೇಲ್‌ಗಳಲ್ಲಿ ಹೆಚ್ಚಿನವು ಹೀಗಿರ್ತವೆ: "ಸರ್, ಕಂಪನಿಯಲ್ಲಿ ಎಲ್ಲಾ ಡಿಪಾರ್ಟ್‌ಮೆಂಟ್ ನೋಡಿದೆ, ತುಂಬಾ ಕಲಿತಾ ಇದೀನಿ, ಕಾಸ್ಟಿಂಗ್ ಡಿಫೆಕ್ಟ್ಸ್ ಮೇಲೆ ಪ್ರಾಜೆಕ್ಟ್ ಮಾಡ್ಬೇಕು ಅಂತಿದೀನಿ, ದಯವಿಟ್ಟು ಅಪ್ರೂವ್ ಮಾಡಿ." ಇದಕ್ಕೆ ಹೂಂ ಅನ್ನೋಕೂ ಆಗಲ್ಲ, ಬೇಡ ಅನ್ನೋಕೂ ಆಗಲ್ಲ. ಯಾವ ಡಿಫೆಕ್ಟು, ಯಾವ ಪಾರ್ಟು, ಡೇಟಾ ಕೈಗೆ ಸಿಕ್ಕಿದ್ಯಾ, ಕಂಪನಿಯವ್ರು ಒಪ್ಪಿದಾರಾ, ಒಂದೂ ಗೊತ್ತಾಗಲ್ಲ. ಹಾಗಾಗಿ ಗೈಡ್ "ಡೀಟೇಲ್ಸ್ ಕಳ್ಸು" ಅಂತ ಒಂದು ಸಾಲು ಹಾಕ್ತಾರೆ, ಹುಡುಗ ಒಂದು ವಾರ ಬಿಟ್ಟು ಕಂಪನಿ ಬ್ರೋಷರ್ ಅಟ್ಯಾಚ್ ಮಾಡಿ ಕಳಿಸ್ತಾನೆ, ಅಷ್ಟರಲ್ಲಿ ಸಿನಾಪ್ಸಿಸ್ ಕೊಡೋ ದಿನ ಬಂದ್ಬಿಡುತ್ತೆ.

ಮೇಲ್ ಚೆನ್ನಾಗಿ ಬರಬೇಕು ಅಂದ್ರೆ ಭಾಷೆಗಿಂತ ಮುಂಚೆ ಒಂದು ಕೆಲಸ ಆಗ್ಬೇಕು, ಅದೇನಂದ್ರೆ ಕಂಪನಿ ನಿಮಗೆ ಕೊಟ್ಟ ಕೆಲಸಾನ ಒಂದು ಪ್ರಶ್ನೆಯಾಗಿ ಮಾಡ್ಕೊಳ್ಳೋದು. ಕಂಪನಿಗೆ ಬೇಕಿರೋದು "ರಿಜೆಕ್ಷನ್ ಕಮ್ಮಿ ಆಗ್ಲಿ" ಅಷ್ಟೇ. ಕಾಲೇಜಿಗೆ ಬೇಕಿರೋದು, ಏನನ್ನ ಅಳೀತೀರಿ, ಏನು ಬದಲಾಯಿಸ್ತೀರಿ, ಬದಲಾಗಿದ್ದು ಅದರಿಂದಾನೇ ಅಂತ ಹೇಗೆ ತೋರಿಸ್ತೀರಿ ಅನ್ನೋದು. ಇವೆರಡರ ನಡುವಿನ ದಾರಿ ನಿಮಗೇ ಗೊತ್ತಿಲ್ಲದೆ ಮೇಲ್ ಬರೆಯೋಕೆ ಕೂತ್ರೆ ಎಷ್ಟು "ಗೌರವಾನ್ವಿತ ಸರ್" ಹಾಕಿದ್ರೂ ಪ್ರಯೋಜನ ಇಲ್ಲ.

ಸುಮ್ನೆ ಮಾತಲ್ಲಿ ಹೇಳೋದಕ್ಕಿಂತ ಒಂದು ಉದಾಹರಣೆ ತಗೊಂಡು ಕೊನೇವರೆಗೂ ಹೋಗೋಣ. ಮೆಕ್ಯಾನಿಕಲ್ ಓದ್ತಿರೋ ಒಬ್ಬ ವಿದ್ಯಾರ್ಥಿನಿ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಇಂಟರ್ನ್ ಅಂದ್ಕೊಳ್ಳಿ. ಉದ್ಯಮಬಾಗ್, ಮಚ್ಛೆ ಕಡೆ ಫೌಂಡ್ರಿಗಳು ಬೇಕಾದಷ್ಟಿವೆ, ಪ್ರತಿ ವರ್ಷ ನಮ್ಮ ಕಡೆ ಹುಡುಗ್ರು ಅಲ್ಲಿಗೆ ಹೋಗ್ತಾನೇ ಇರ್ತಾರೆ. ಅವಳ ಫೌಂಡ್ರಿಯಲ್ಲಿ ಹಸಿ ಮರಳಿನ ಮೋಲ್ಡ್‌ನಲ್ಲಿ, ಅಂದ್ರೆ ಗ್ರೀನ್ ಸ್ಯಾಂಡ್‌ನಲ್ಲಿ, ಎರಕದ ಕಬ್ಬಿಣದ ಪಂಪ್ ಬಾಡಿ ಮಾಡ್ತಾರೆ. ಮುಂದೆ ಬರೋ ಅಂಕಿಗಳೆಲ್ಲ ವಿವರಿಸೋಕೆ ನಾನೇ ಹಾಕ್ಕೊಂಡಿರೋವು, ಯಾವ ಕಂಪನಿಯವೂ ಅಲ್ಲ.

ಮೇಲ್ ಬರೆಯೋಕೆ ಮುಂಚೆ: ರಿಜಿಸ್ಟರ್ ಮುಂದೆ ಕೂತ್ಕೊಳ್ಳಿ

ಪ್ರತಿ ಫೌಂಡ್ರಿಯಲ್ಲೂ ಒಂದು ರಿಜೆಕ್ಷನ್ ರಿಜಿಸ್ಟರ್ ಇರುತ್ತೆ, ಕ್ವಾಲಿಟಿಯವ್ರ ಟೇಬಲ್ ಮೇಲೋ ಕಂಪ್ಯೂಟರ್‌ನಲ್ಲೋ. ಸೂಪರ್‌ವೈಸರ್ ಹತ್ರ ಕೇಳಿ, ಕಳೆದ ನಾಲ್ಕು ವಾರದ್ದು ತಗೊಂಡು ಒಂದೇ ಒಂದು ಪಾರ್ಟಿನ ಲೆಕ್ಕ ಹಾಕಿ. ನಮ್ಮ ಹುಡುಗಿಗೆ ಸಿಕ್ಕಿದ್ದು ಹೀಗೆ: ಪಂಪ್ ಬಾಡಿ ಎರಕ ಹೊಯ್ದಿದ್ದು 1,840, ರಿಜೆಕ್ಟ್ ಆಗಿದ್ದು 147, ಅಂದ್ರೆ ಶೇ. 8. ಆ 147ರಲ್ಲಿ ಬ್ಲೋ ಹೋಲ್ 81, ಮರಳು ಸೇರಿದ್ದು 31, ಶ್ರಿಂಕೇಜ್ 18, ಉಳಿದಿದ್ದೆಲ್ಲ ಸೇರಿ 17. ಅರ್ಧಕ್ಕಿಂತ ಹೆಚ್ಚು ಒಂದೇ ಡಿಫೆಕ್ಟ್. ಇಲ್ಲಿಗೆ "ಕಾಸ್ಟಿಂಗ್ ಡಿಫೆಕ್ಟ್ಸ್" ಅನ್ನೋ ದೊಡ್ಡ ಮಾತು "ಪಂಪ್ ಬಾಡಿಯಲ್ಲಿ ಬ್ಲೋ ಹೋಲ್" ಅಂತ ಕೈಗೆ ಸಿಗೋ ಅಳತೆಗೆ ಬಂತು.

ಆದ್ರೆ ರಿಜಿಸ್ಟರ್‌ನ ಹಾಗೇ ನಂಬಬೇಡಿ, ಯಾಕಂದ್ರೆ ಶಾಪ್‌ನಲ್ಲಿ ಯಾವ ತೂತು ಕಂಡ್ರೂ "ಬ್ಲೋ" ಅಂತಾನೇ ಬರೆಯೋ ಅಭ್ಯಾಸ ತುಂಬಾ ಕಡೆ ಇದೆ. ಒಂದೆರಡು ದಿನ ರಿಜೆಕ್ಟ್ ಬಿನ್ ಹತ್ರ ನಿಂತು ಪೀಸ್‌ಗಳನ್ನ ನೀವೇ ಕೈಯಲ್ಲಿ ಹಿಡಿದು ನೋಡಿ. ಬ್ಲೋ ಹೋಲ್ ಗಾಳಿಯಿಂದ ಆಗಿದ್ದು, ಅದರ ಒಳಗೋಡೆ ನುಣ್ಣಗಿರುತ್ತೆ, ಅಂಚು ದುಂಡಗಿರುತ್ತೆ. ಶ್ರಿಂಕೇಜ್ ಆದ್ರೆ ಒಳಗೆ ಒರಟು ಒರಟಾಗಿರುತ್ತೆ, ಅದೂ ದಪ್ಪ ಇರೋ ಜಾಗದಲ್ಲಿ, ಕೊನೆಗೆ ತಣ್ಣಗಾಗೋ ಕಡೆ ಬರುತ್ತೆ. ಮರಳು ಸೇರಿದ್ದಾದ್ರೆ ತೂತಿನ ಆಕಾರ ಅಡ್ಡಾದಿಡ್ಡಿ, ಕೆದಕಿದ್ರೆ ಮರಳಿನ ಕಣ ಉದುರುತ್ತೆ. ಇದನ್ನ ನೀವು ನೋಡಿ ಬೇರೆ ಮಾಡಿದೀರಿ ಅಂತ ಮೇಲ್‌ನಲ್ಲಿ ಒಂದು ಸಾಲು ಇದ್ರೆ ಸಾಕು, ಗೈಡ್‌ಗೆ ನಿಮ್ಮ ಅಂಕಿ ಮೇಲೆ ನಂಬಿಕೆ ಬರುತ್ತೆ. ಶ್ರಿಂಕೇಜ್‌ಗೆ ಮದ್ದು ರೈಸರ್ ಕಡೆ, ಬ್ಲೋ ಹೋಲ್‌ಗೆ ಮದ್ದು ಮರಳು, ಕೋರ್, ವೆಂಟ್ ಕಡೆ, ಎರಡನ್ನೂ ಕಲಸಿಬಿಟ್ರೆ ಪ್ರಾಜೆಕ್ಟ್ ಪೂರ್ತಿ ತಪ್ಪು ಜಾಗದಲ್ಲಿ ಹುಡುಕಾಡ್ತಾ ಹೋಗುತ್ತೆ.

ಇನ್ನೊಂದು ವಿಷಯ ಫೌಂಡ್ರಿ ಒಳಗೆ ಇದ್ದವ್ರಿಗೆ ಮಾತ್ರ ಹೊಳೆಯೋದು. ಎಷ್ಟೋ ಬ್ಲೋ ಹೋಲ್ ಚರ್ಮದ ಕೆಳಗೆ ಅಡಗಿರ್ತವೆ, ಫೆಟ್ಲಿಂಗ್‌ನಲ್ಲಿ ಕಾಣಲ್ಲ, ಮಷಿನ್ ಮೇಲೆ ಹಾಕಿ ಒಂದು ಕಟ್ ತಗೊಂಡಾಗ ಬಾಯಿ ತೆರೀತವೆ. ಮಷಿನಿಂಗ್ ಬೇರೆ ಕಡೆ ಆಗ್ತಿದ್ರೆ ಆ ಪೀಸ್ ವಾಪಸ್ ಬರೋಕೆ ಎರಡು ಮೂರು ವಾರ ಆಗ್ಬಹುದು. ಅಂದ್ರೆ ಈಗಿನ ವಾರದ ರಿಜೆಕ್ಷನ್ ಯಾವಾಗ್ಲೂ ನಿಜಕ್ಕಿಂತ ಕಮ್ಮಿ ಕಾಣುತ್ತೆ! ಇದು ಗೊತ್ತಿಲ್ಲದವ್ರು "ನಾನು ಬಂದ್ಮೇಲೆ ರಿಜೆಕ್ಷನ್ ಇಳೀತು" ಅಂತ ಪ್ರೋಗ್ರೆಸ್ ರಿಪೋರ್ಟ್‌ನಲ್ಲಿ ಬರ್ದುಬಿಡ್ತಾರೆ. ವಾಪಸ್ ಬಂದ ತಾರೀಖು ಹಿಡಿದು ಎಣಿಸಬೇಡಿ, ಪೀಸ್ ಮೇಲಿರೋ ಹೀಟ್ ನಂಬರ್, ಅಂದ್ರೆ ಯಾವ ಸಲ ಕರಗಿಸಿದ ಲೋಹದ್ದು ಅನ್ನೋ ನಂಬರ್, ಅದನ್ನ ನೋಡಿ ಆ ಪೀಸ್ ಎರಕ ಆದ ದಿನಕ್ಕೆ ಹಾಕಿ, ಕೊನೆ ಎರಡು ವಾರದ ಲೆಕ್ಕ ಇನ್ನೂ ಪೂರ್ತಿ ಬಂದಿಲ್ಲ ಅಂತ ಮೇಲ್‌ನಲ್ಲೇ ಹೇಳಿ.

ಅಂಕಿಯಿಂದ ಪ್ರಶ್ನೆಗೆ

ಹೀಟ್ ನಂಬರ್ ಹಿಡಿದು ಎಣಿಸಿದ್ದಕ್ಕೆ ನಮ್ಮ ಹುಡುಗಿಗೆ ಇನ್ನೊಂದು ಲಾಭ ಆಯ್ತು. ದಿನದಲ್ಲಿ ಎಷ್ಟನೇ ಹೀಟ್ ಅಂತ ಅದ್ರಲ್ಲೇ ಗೊತ್ತಾಗೋದ್ರಿಂದ ಊಟಕ್ಕೆ ಮುಂಚಿನದ್ದು, ಊಟದ ನಂತರದ್ದು ಅಂತ ಎರಡು ಭಾಗ ಮಾಡಿ ನೋಡಿದ್ಳು. ಬೆಳಿಗ್ಗೆ ಹೊಯ್ದ 970ರಲ್ಲಿ ಬ್ಲೋ ಹೋಲ್ 29, ಅಂದ್ರೆ ಶೇ. 3. ಮಧ್ಯಾಹ್ನ ಹೊಯ್ದ 870ರಲ್ಲಿ 52, ಅಂದ್ರೆ ಶೇ. 6. ಎರಡರಷ್ಟು. ಇಲ್ಲಿಂದ ಪ್ರಾಜೆಕ್ಟ್ ಹುಟ್ಟುತ್ತೆ, ಯಾಕಂದ್ರೆ ಈಗ ಕೇಳೋಕೆ ಒಂದು ಪ್ರಶ್ನೆ ಇದೆ: ಮಧ್ಯಾಹ್ನ ಏನು ಬದಲಾಗುತ್ತೆ?

ಫೌಂಡ್ರಿ ಗೊತ್ತಿರೋರು ಮೊದಲು ಕೈ ತೋರಿಸೋದು ವಾಪಸ್ ಬರೋ ಮರಳಿನ ಕಡೆ. ಒಂದೇ ಮರಳು ದಿನವಿಡೀ ಸುತ್ತುತ್ತಿರುತ್ತೆ, ಬಿಸಿ ಲೋಹ ಬಿದ್ದು ಬಿದ್ದು ಮಧ್ಯಾಹ್ನದ ಹೊತ್ತಿಗೆ ಕಾದಿರುತ್ತೆ. ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದ ಮರಳು ನೀರನ್ನ ಸರಿಯಾಗಿ ಹಿಡ್ಕೊಳ್ಳಲ್ಲ, ನೀರು ಆವಿಯಾಗಿ ಹೋಗ್ತಿರುತ್ತೆ. ಮರಳು ಕಲಸೋ ಮಲ್ಲರ್ ಹತ್ರ ನಿಂತ ಆಪರೇಟರ್ ಮುಷ್ಟಿಯಲ್ಲಿ ಹಿಡಿದು ನೋಡಿ ಒಣಗಿದೆ ಅಂತ ಇನ್ನಷ್ಟು ನೀರು ಬಿಡ್ತಾನೆ. ಮೋಲ್ಡ್‌ನಲ್ಲಿ ನೀರು ಜಾಸ್ತಿ ಆದ್ರೆ ಲೋಹ ಬಿದ್ದಾಗ ಹಬೆ ಜಾಸ್ತಿ, ಹೊರಗೆ ಹೋಗೋಕೆ ದಾರಿ ಸಿಗದ ಹಬೆ ಲೋಹದೊಳಗೇ ಉಳಿದು ತೂತಾಗುತ್ತೆ. ಅವಳು ಒಂದು ವಾರ ದಿನಕ್ಕೆ ಎರಡು ಸಲ ಮರಳು ಚೆಕ್ ಮಾಡಿದ್ಳು. ಮರಳಿನ ಜೊತೆ ಕ್ಯಾಲ್ಸಿಯಂ ಕಾರ್ಬೈಡ್ ಪುಡಿ ಹಾಕಿ ಅಲ್ಲಾಡಿಸಿದ್ರೆ ಗ್ಯಾಸ್ ಒತ್ತಡದಿಂದ ತೇವ ತೋರಿಸೋ ಸಣ್ಣ ಮೀಟರ್ ಇರುತ್ತಲ್ಲ, ಅದರಲ್ಲಿ. ಬೆಳಿಗ್ಗೆ ಶೇ. 3.4 ಆಸುಪಾಸು, ಮಧ್ಯಾಹ್ನ 3.3ರಿಂದ 4.4ರವರೆಗೆ ಏರಿಳಿತ. ಫೌಂಡ್ರಿ ಚಾರ್ಟ್‌ನಲ್ಲಿ ಬರ್ದಿರೋ ಮಿತಿ 3.2ರಿಂದ 3.8, ಲ್ಯಾಬ್‌ನವ್ರು ಟೆಸ್ಟ್ ಮಾಡೋದು ಬೆಳಿಗ್ಗೆ ಒಂದೇ ಸಲ.

ಇಲ್ಲಿ ಎಚ್ಚರ ಬೇಕು. "ಮರಳಿನ ತೇವದಿಂದಾನೇ ಬ್ಲೋ ಹೋಲ್ ಬರ್ತಿದೆ" ಅಂತ ಮೇಲ್‌ನಲ್ಲಿ ತೀರ್ಪು ಕೊಡಬೇಡಿ, ಅದನ್ನ ಪರೀಕ್ಷೆ ಮಾಡೋದೇ ಪ್ರಾಜೆಕ್ಟು. ಗೈಡ್ ಮೊದಲು ಕೇಳೋದು "ಬೇರೆ ಕಾರಣ ಇರ್ಬಾರ್ದಾ?" ಅಂತಾನೇ. ಲೋಹದ ಬಿಸಿ ಮಧ್ಯಾಹ್ನ ಕಮ್ಮಿ ಆಗ್ತಿರ್ಬಹುದು, ಕೋರ್ ಸರಿಯಾಗಿ ಬೆಂದಿಲ್ಲದೆ ಅದರಿಂದ ಗ್ಯಾಸ್ ಬರ್ತಿರ್ಬಹುದು, ಮೋಲ್ಡರ್‌ಗಳು ಸುಸ್ತಾಗಿ ವೆಂಟ್ ಚುಚ್ಚೋದು ಬಿಡ್ತಿರ್ಬಹುದು. ಫರ್ನೇಸ್ ಲಾಗ್ ಬುಕ್‌ನಲ್ಲಿ ಪ್ರತಿ ಹೀಟ್‌ನ ಪೋರಿಂಗ್ ಟೆಂಪರೇಚರ್ ಇರುತ್ತೆ, ಮೇಲ್ ಕಳಿಸೋಕೆ ಮುಂಚೆ ಅದೊಂದನ್ನಾದ್ರೂ ನೋಡ್ಕೊಳ್ಳಿ, ನೋಡಿದ್ದನ್ನೂ ಬರೀರಿ, ನೋಡಿಲ್ಲದ್ದನ್ನೂ ಬರೀರಿ.

ನಿಮ್ಮ ಕೈಲಿ ಏನಿದೆ ಅಂತ ತೀರ್ಮಾನ ಮಾಡ್ಕೊಳ್ಳಿ

ಇಂಟರ್ನ್‌ಗೆ ಪ್ಯಾಟರ್ನ್ ಬದಲಾಯಿಸೋಕೆ ಯಾರೂ ಬಿಡಲ್ಲ, ಅದು ಕಸ್ಟಮರ್‌ದು ಇರುತ್ತೆ, ಅದನ್ನ ಮುಟ್ಟಿದ್ರೆ ಮತ್ತೆ ಸ್ಯಾಂಪಲ್ ಅಪ್ರೂವಲ್ ಆಗ್ಬೇಕು. ಹೊಸ ಸ್ಯಾಂಡ್ ಕೂಲರ್ ಹಾಕಿ ಅಂತಾನೂ ಹೇಳೋಕಾಗಲ್ಲ. ಆದ್ರೆ "ಮಧ್ಯಾಹ್ನ ಗಂಟೆಗೊಂದು ಸಲ ತೇವ ಟೆಸ್ಟ್ ಮಾಡೋಣ, ಮುಷ್ಟಿ ಅಂದಾಜಿನ ಬದಲು ಮೀಟರ್ ನೋಡಿ ನೀರು ಬಿಡೋಣ" ಅಂದ್ರೆ ಖರ್ಚಿಲ್ಲ, ಹೆಚ್ಚಿನ ಸೂಪರ್‌ವೈಸರ್‌ಗಳು ಒಪ್ತಾರೆ. ಟ್ರಯಲ್ ಅಂದ್ರೆ ಇಂಥದ್ದು ಇರ್ಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ತೇವಾನೂ ಸರಿ ಮಾಡಿ ಅದೇ ವಾರ ವೆಂಟೂ ಜಾಸ್ತಿ ಮಾಡಿದ್ರೆ ಯಾವುದರಿಂದ ಇಳೀತು ಅಂತ ವೈವಾದಲ್ಲಿ ಉತ್ತರ ಇರಲ್ಲ.

ಟ್ರಯಲ್ ಎಷ್ಟು ದಿನ ಅನ್ನೋದನ್ನ ಮೊದಲೇ ಲೆಕ್ಕ ಹಾಕಿ ಮೇಲ್‌ನಲ್ಲಿ ಕೊಡಿ, ಇದನ್ನ ಮಾಡೋರು ತುಂಬಾ ಕಮ್ಮಿ, ಹಾಗಾಗಿ ಗೈಡ್ ಕಣ್ಣಿಗೆ ತಕ್ಷಣ ಬೀಳುತ್ತೆ. ನಾಲ್ಕು ವಾರದಲ್ಲಿ 24 ಕೆಲಸದ ದಿನ, ಮಧ್ಯಾಹ್ನದ್ದು 870 ಪೀಸ್, ಅಂದ್ರೆ ಒಂದು ಮಧ್ಯಾಹ್ನಕ್ಕೆ ಸುಮಾರು 36. ಶೇ. 6ರ ಲೆಕ್ಕದಲ್ಲಿ ಒಂದು ಮಧ್ಯಾಹ್ನಕ್ಕೆ ಬರೋದೇ ಎರಡು ಬ್ಲೋ ಹೋಲ್, ಆದ್ದರಿಂದ ಒಂದು ದಿನ ಟ್ರಯಲ್ ಮಾಡಿ ಸೊನ್ನೆ ಬಂತು ಅಂದ್ರೆ ಅದು ಅದೃಷ್ಟಾನೂ ಆಗಿರ್ಬಹುದು. ಎರಡು ವಾರ ನಡೆಸಿದ್ರೆ ಸುಮಾರು 435 ಪೀಸ್, ಏನೂ ಬದಲಾಗದಿದ್ರೆ 26 ಬ್ಲೋ ಹೋಲ್ ನಿರೀಕ್ಷೆ ಮಾಡ್ಬೇಕು. ಬಂದಿದ್ದು 22 ಆದ್ರೆ ಏನೂ ಹೇಳೋಕಾಗಲ್ಲ, 12 ಆದ್ರೆ ಏನೋ ನಿಜವಾಗ್ಲೂ ಆಗಿದೆ ಅನ್ನಬಹುದು. ಹಾಗೇ ಅದೇ ಎರಡು ವಾರದ ಬೆಳಗಿನ ಲೆಕ್ಕಾನೂ ಇಟ್ಕೊಳ್ಳಿ, ಬೆಳಿಗ್ಗೇನೂ ಅರ್ಧಕ್ಕೆ ಇಳಿದಿದ್ರೆ ಕಾರಣ ನಿಮ್ಮ ಟ್ರಯಲ್ ಅಲ್ಲ, ಬೇರೆ ಏನೋ.

ಇದೇ ಕಾರಣಕ್ಕೆ "ರಿಜೆಕ್ಷನ್ ಶೇ. 8ರಿಂದ 2ಕ್ಕೆ ಇಳಿಸ್ತೀನಿ" ಅಂತ ಟೈಟಲ್‌ನಲ್ಲೋ ಆಬ್ಜೆಕ್ಟಿವ್‌ನಲ್ಲೋ ಬರೀಬೇಡಿ. ಬ್ಲೋ ಹೋಲ್ ಪೂರ್ತಿ ಹೋದ್ರೂ ಉಳಿದ ಡಿಫೆಕ್ಟ್‌ಗಳಿಂದ 66 ಪೀಸ್ ರಿಜೆಕ್ಟ್ ಆಗೇ ಆಗ್ತವೆ, ಅಲ್ಲಿಗೇ ಶೇ. 3.6 ಆಯ್ತು, 2 ಎಲ್ಲಿಂದ ಬರುತ್ತೆ? ಗೈಡ್ ಈ ಭಾಗಾಕಾರಾನ ಮನಸ್ಸಲ್ಲೇ ಮಾಡ್ತಾರೆ.

ಕಂಪನಿ ಒಪ್ಪಿಗೆ ಮೊದಲು, ಕಾಲೇಜಿಗೆ ಮೇಲ್ ಆಮೇಲೆ

ಡ್ರಾಫ್ಟ್ ಬರೆದ್ಮೇಲೆ ಮೊದಲು ನಿಮ್ಮ ಸೂಪರ್‌ವೈಸರ್‌ಗೆ ತೋರಿಸಿ. "ಸರ್, ಇಷ್ಟು ಅಂಕಿ ಕಾಲೇಜಿಗೆ ಹೋಗುತ್ತೆ, ಪರವಾಗಿಲ್ವಾ?" ಅಂತ ನೇರವಾಗಿ ಕೇಳಿ. ಕಸ್ಟಮರ್ ಹೆಸರು, ಡ್ರಾಯಿಂಗ್, ಪಾರ್ಟ್ ನಂಬರ್ ತೆಗೀರಿ, "ಪಂಪ್ ಬಾಡಿ ಎ" ಅಂದ್ರೆ ಸಾಕು. ಕೆಲವರು ಉತ್ಪಾದನೆ ಸಂಖ್ಯೆ ಹೊರಗೆ ಹೋಗೋದು ಬೇಡ ಅಂತಾರೆ, ಆಗ ಶೇಕಡಾ ಮಾತ್ರ ಕೊಡಿ, ಆದ್ರೆ ನಿಜವಾದ ಸಂಖ್ಯೆ ನಿಮ್ಮ ನೋಟ್‌ಬುಕ್‌ನಲ್ಲಿದೆ, ಕಂಪನಿಗೆ ಬಂದಾಗ ತೋರಿಸ್ತೀನಿ ಅಂತ ಗೈಡ್‌ಗೆ ತಿಳಿಸಿ. ಶಾಪ್ ಫ್ಲೋರ್ ಫೋಟೋ ಕೇಳದೆ ತೆಗೆದು ಅಟ್ಯಾಚ್ ಮಾಡೋದಂತೂ ಬೇಡವೇ ಬೇಡ, ಅದೊಂದರಿಂದ ನಿಮ್ಮ ಮುಂದಿನ ಬ್ಯಾಚ್‌ನವ್ರಿಗೂ ಗೇಟ್ ಬಂದ್ ಆಗುತ್ತೆ. ಸಿಸಿಯಲ್ಲಿ ಸೂಪರ್‌ವೈಸರ್‌ನ ಹಾಕೋದೂ ಅವ್ರನ್ನ ಕೇಳಿಯೇ. ಅವ್ರು ಸಿಸಿಯಲ್ಲಿ ಇದ್ರೆ ಗೈಡ್‌ಗೆ ಧೈರ್ಯ, ಕಂಪನಿ ಒಪ್ಪಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾಗಲ್ಲ.

ಈಗ ಮೇಲ್

ಸಬ್ಜೆಕ್ಟ್ ಲೈನ್‌ನಲ್ಲಿ ಏನು ಬೇಕು ಅನ್ನೋದು, ನಿಮ್ಮ ಯುಎಸ್ಎನ್, ಉತ್ತರ ಯಾವಾಗ ಬೇಕು ಅನ್ನೋದು, ಮೂರೂ ಇರ್ಲಿ. "ರೆಸ್ಪೆಕ್ಟೆಡ್ ಸರ್" ಅಂತಾನೇ ಸಬ್ಜೆಕ್ಟ್ ಬರೆದಿರೋ ಮೇಲ್ ಆಮೇಲೆ ಹುಡುಕೋಕೂ ಸಿಗಲ್ಲ, ಒಬ್ಬ ಗೈಡ್ ಹತ್ರ ಹಲವು ಟೀಮ್ ಇರ್ತವೆ ಅನ್ನೋದು ನೆನಪಿರ್ಲಿ. ಒಳಗೆ ಮೊದಲ ಎರಡು ಸಾಲಲ್ಲೇ ನೀವ್ಯಾರು, ಏನು ಕೇಳ್ತಿದೀರಿ ಅಂತ ಬರ್ಬೇಕು, ಪ್ರೋಗ್ರೆಸ್ ಅದರ ನಂತರ. ಪ್ರೋಗ್ರೆಸ್ ಅಂದ್ರೆ ಮೊದಲ ವಾರ ಸೇಫ್ಟಿ ಟ್ರೈನಿಂಗ್, ಎರಡನೇ ವಾರ ಮೋಲ್ಡಿಂಗ್ ಅಂತ ಡೈರಿ ಬರೆಯೋದಲ್ಲ, ಅದು ಲಾಗ್ ಬುಕ್‌ನಲ್ಲಿ ಹೇಗೂ ಇರುತ್ತೆ. ಈ ಟಾಪಿಕ್‌ಗೆ ಬರೋಕೆ ಏನು ಮಾಡಿದ್ರಿ, ಏನು ಸಿಕ್ತು, ಅಷ್ಟು ಮಾತ್ರ. ಕಾಲೇಜಲ್ಲಿ ಇಂಗ್ಲಿಷಲ್ಲೇ ಬರೀಬೇಕು ಅಂತಿದ್ರೂ ಕ್ರಮ ಇದೇ ಇರ್ಲಿ.

> ವಿಷಯ: ಪ್ರಾಜೆಕ್ಟ್ ಟಾಪಿಕ್ ಒಪ್ಪಿಗೆಗಾಗಿ – ಪಂಪ್ ಬಾಡಿ ಎರಕದಲ್ಲಿ ಬ್ಲೋ ಹೋಲ್ – ಯುಎಸ್ಎನ್ – ಶುಕ್ರವಾರದೊಳಗೆ ತಿಳಿಸಿದರೆ ಅನುಕೂಲ
>
> ನಮಸ್ಕಾರ ಸರ್,
>
> ನಾನು ಎಂಟನೇ ಸೆಮಿಸ್ಟರ್ ಮೆಕ್ಯಾನಿಕಲ್ ವಿದ್ಯಾರ್ಥಿನಿ, ಬೆಳಗಾವಿಯ ಫೌಂಡ್ರಿಯಲ್ಲಿ ಇಂಟರ್ನ್‌ಶಿಪ್‌ನ ಐದನೇ ವಾರದಲ್ಲಿದ್ದೇನೆ. ಇಲ್ಲಿನ ಕೆಲಸದಿಂದಲೇ ಒಂದು ಪ್ರಾಜೆಕ್ಟ್ ಟಾಪಿಕ್ ಆರಿಸಿಕೊಂಡಿದ್ದೇನೆ, ಅದಕ್ಕೆ ನಿಮ್ಮ ಒಪ್ಪಿಗೆ ಕೇಳಲು ಈ ಮೇಲ್.
>
> ಟಾಪಿಕ್: ಪಂಪ್ ಬಾಡಿ ಎರಕದಲ್ಲಿ ಮಧ್ಯಾಹ್ನದ ಹೀಟ್‌ಗಳಲ್ಲಿ ಬರುವ ಬ್ಲೋ ಹೋಲ್‌ಗೂ ಮರಳಿನ ತೇವಕ್ಕೂ ಇರುವ ಸಂಬಂಧದ ಅಧ್ಯಯನ ಮತ್ತು ತೇವ ನಿಯಂತ್ರಣದ ಟ್ರಯಲ್.
>
> ಇಲ್ಲಿಯವರೆಗೆ ಆಗಿದ್ದು: ನಾಲ್ಕು ವಾರದ ರಿಜೆಕ್ಷನ್ ರಿಜಿಸ್ಟರ್ ತೆಗೆದು ಈ ಒಂದು ಪಾರ್ಟಿನ ಲೆಕ್ಕ ಮಾಡಿದೆ. 1,840 ಪೀಸ್‌ಗಳಲ್ಲಿ 147 ರಿಜೆಕ್ಟ್, ಅದರಲ್ಲಿ 81 ಬ್ಲೋ ಹೋಲ್. ಎರಡು ದಿನ ರಿಜೆಕ್ಟ್ ಪೀಸ್‌ಗಳನ್ನು ನಾನೇ ನೋಡಿ ಡಿಫೆಕ್ಟ್ ಗುರುತಿಸಿದೆ, ರಿಜಿಸ್ಟರ್ ಜೊತೆ ಹೆಚ್ಚು ವ್ಯತ್ಯಾಸ ಇಲ್ಲ. ಹೀಟ್ ನಂಬರ್ ಪ್ರಕಾರ ಬೆಳಗಿನ ಹೀಟ್‌ಗಳಲ್ಲಿ ಬ್ಲೋ ಹೋಲ್ ಶೇ. 3 (970ರಲ್ಲಿ 29), ಮಧ್ಯಾಹ್ನ ಶೇ. 6 (870ರಲ್ಲಿ 52). ಕೊನೆಯ ಎರಡು ವಾರದ ಮಷಿನಿಂಗ್ ರಿಜೆಕ್ಷನ್ ಇನ್ನೂ ವಾಪಸ್ ಬರುತ್ತಿದೆ, ಹಾಗಾಗಿ ಈ ಅಂಕಿ ಸ್ವಲ್ಪ ಏರಬಹುದು.
>
> ಒಂದು ವಾರ ದಿನಕ್ಕೆರಡು ಸಲ ಮರಳಿನ ತೇವ ನೋಡಿದಾಗ ಬೆಳಿಗ್ಗೆ ಸುಮಾರು ಶೇ. 3.4, ಮಧ್ಯಾಹ್ನ 3.3ರಿಂದ 4.4ರ ತನಕ ಸಿಕ್ಕಿದೆ. ಕಂಪನಿಯ ಮಿತಿ 3.2ರಿಂದ 3.8. ಪೋರಿಂಗ್ ಟೆಂಪರೇಚರ್ ಲಾಗ್‌ನಲ್ಲಿ ಬೆಳಿಗ್ಗೆ ಮಧ್ಯಾಹ್ನ ವ್ಯತ್ಯಾಸ ಕಾಣಲಿಲ್ಲ. ಕೋರ್‌ನ ಗ್ಯಾಸ್ ಬಗ್ಗೆ ಇನ್ನೂ ಪರಿಶೀಲಿಸಿಲ್ಲ.
>
> ಮುಂದಿನ ಯೋಜನೆ: ಎರಡು ವಾರ ಮಧ್ಯಾಹ್ನ ಗಂಟೆಗೊಮ್ಮೆ ತೇವ ಅಳೆದು, ಮೀಟರ್ ಪ್ರಕಾರವೇ ನೀರು ಸೇರಿಸುವ ಟ್ರಯಲ್. ಸುಮಾರು 435 ಪೀಸ್ ಸಿಗುತ್ತದೆ, ಈಗಿನ ದರದಲ್ಲಾದರೆ 26 ಬ್ಲೋ ಹೋಲ್ ಬರಬೇಕು. ಅದೇ ದಿನಗಳ ಬೆಳಗಿನ ಹೀಟ್‌ಗಳ ಜೊತೆ ಹೋಲಿಸುತ್ತೇನೆ. ಮಷಿನಿಂಗ್ ರಿಜೆಕ್ಷನ್ ಬರಲು ಮತ್ತೆ ಮೂರು ವಾರ ಕಾಯಬೇಕು. ಪ್ಯಾಟರ್ನ್, ಗೇಟಿಂಗ್ ಬದಲಾವಣೆ ಈ ಪ್ರಾಜೆಕ್ಟಿನಲ್ಲಿ ಇಲ್ಲ.
>
> ಕಂಪನಿಯ ಸೂಪರ್‌ವೈಸರ್ ಟ್ರಯಲ್‌ಗೂ ಈ ಅಂಕಿಗಳನ್ನು ಕಾಲೇಜಿಗೆ ಕೊಡಲೂ ಒಪ್ಪಿದ್ದಾರೆ, ಅವರು ಸಿಸಿಯಲ್ಲಿದ್ದಾರೆ. ಕಸ್ಟಮರ್ ಹೆಸರು ರಿಪೋರ್ಟಿನಲ್ಲಿ ಬರುವುದಿಲ್ಲ.
>
> ನಿಮ್ಮಿಂದ ತಿಳಿಯಬೇಕಿರುವುದು:
> 1. ಈ ಟಾಪಿಕ್ ಮತ್ತು ವ್ಯಾಪ್ತಿಗೆ ಒಪ್ಪಿಗೆ ಇದೆಯೇ?
> 2. ಟ್ರಯಲ್‌ಗೆ ಮುಂಚಿನ ಮತ್ತು ನಂತರದ ಹೋಲಿಕೆ ಸಾಕೇ, ಅಥವಾ ಪರ್ಮಿಯಬಿಲಿಟಿಯಂಥ ಇನ್ನೊಂದು ಮರಳಿನ ಟೆಸ್ಟ್ ಸೇರಿಸಬೇಕೇ?
>
> ಟ್ರಯಲ್ ಮುಂದಿನ ಸೋಮವಾರ ಶುರು ಮಾಡಬೇಕೆಂದಿದೆ, ಆದ್ದರಿಂದ ಶುಕ್ರವಾರದೊಳಗೆ ತಿಳಿಸಿದರೆ ಅನುಕೂಲ. ಮಾತಾಡಬೇಕೆಂದರೆ ಸಂಜೆ ಆರರ ನಂತರ ಯಾವಾಗ ಬೇಕಾದರೂ ಫೋನ್‌ಗೆ ಸಿಗುತ್ತೇನೆ. ಲೆಕ್ಕದ ಒಂದು ಪುಟ ಲಗತ್ತಿಸಿದ್ದೇನೆ.
>
> ವಂದನೆಗಳೊಂದಿಗೆ,
> ಹೆಸರು, ಯುಎಸ್ಎನ್, ಫೋನ್

ಈ ಮೇಲ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ಸಾಲು "ಕೋರ್‌ನ ಗ್ಯಾಸ್ ಬಗ್ಗೆ ಇನ್ನೂ ಪರಿಶೀಲಿಸಿಲ್ಲ" ಅನ್ನೋದು. ವಿದ್ಯಾರ್ಥಿಗಳು ಇಂಥ ಸಾಲು ಬರೆದ್ರೆ ಮಾರ್ಕ್ಸ್ ಹೋಗುತ್ತೆ ಅಂತ ಹೆದರ್ತಾರೆ, ನಿಜವಾಗಿ ನೋಡಿದ್ರೆ ಗೈಡ್ ಸಹಾಯ ಮಾಡೋಕೆ ಆಗೋದೇ ಅಲ್ಲಿ, "ಕೋರ್ ಬೇಯಿಸಿದ್ದು ಯಾವಾಗ, ಎಷ್ಟು ದಿನ ಸ್ಟಾಕ್‌ನಲ್ಲಿತ್ತು ನೋಡು" ಅಂತ ಒಂದು ಸಾಲು ಹೇಳಿದ್ರೆ ನಿಮ್ಮ ಪ್ರಾಜೆಕ್ಟ್ ಉಳಿಯುತ್ತೆ. ಇನ್ನು "ಪ್ಯಾಟರ್ನ್, ಗೇಟಿಂಗ್ ಬದಲಾವಣೆ ಇಲ್ಲ" ಅನ್ನೋ ಸಾಲು ನಿಮ್ಮನ್ನ ರಿವ್ಯೂನಲ್ಲಿ ಕಾಪಾಡುತ್ತೆ, ಪ್ಯಾನೆಲ್‌ನವ್ರು ಯಾಕೆ ಸಿಮ್ಯುಲೇಷನ್ ಮಾಡ್ಲಿಲ್ಲ ಅಂದ್ರೆ ಗೈಡ್ ಒಪ್ಪಿದ ವ್ಯಾಪ್ತಿ ಇದು ಅಂತ ತೋರಿಸಬಹುದು.

ಅಟ್ಯಾಚ್‌ಮೆಂಟ್ ಒಂದೇ ಪಿಡಿಎಫ್, ಒಂದೇ ಪುಟ: ಡಿಫೆಕ್ಟ್‌ವಾರು ಒಂದು ಟೇಬಲ್, ಬೆಳಿಗ್ಗೆ ಮಧ್ಯಾಹ್ನದ ಒಂದು ಟೇಬಲ್, ಸಾಕು. ಫೈಲ್ ಹೆಸರಲ್ಲಿ ನಿಮ್ಮ ಯುಎಸ್ಎನ್ ಇರ್ಲಿ. ಡ್ರೈವ್ ಲಿಂಕ್ ಕೊಟ್ಟು ಪರ್ಮಿಷನ್ ಕೊಡದೆ ಬಿಡೋದು ಬಹಳ ಸಾಮಾನ್ಯ, ಲಿಂಕ್ ಕೊಡಲೇಬೇಕು ಅಂದ್ರೆ ಬೇರೆ ಅಕೌಂಟ್‌ನಿಂದ ಒಂದ್ಸಲ ತೆಗೆದು ನೋಡಿ.

ಉತ್ತರ ಬಂದ್ಮೇಲೆ, ಅಥವಾ ಬರದೇ ಇದ್ದಾಗ

ಮೂರು ಕೆಲಸದ ದಿನ ಕಾದು ಅದೇ ಮೇಲ್‌ಗೆ ರಿಪ್ಲೈ ಮಾಡಿ, ಹೊಸ ಮೇಲ್ ಶುರು ಮಾಡ್ಬೇಡಿ. "ಸರ್, ಸೋಮವಾರ ಟ್ರಯಲ್ ಇದೆ, ಮೇಲಿನ ಎರಡು ಪ್ರಶ್ನೆಗೆ ನಿಮ್ಮ ಉತ್ತರ ಬೇಕಿತ್ತು" ಅಂದ್ರೆ ಸಾಕು. ವಾಟ್ಸಾಪ್‌ನಲ್ಲಿ "ಮೇಲ್ ಕಳಿಸಿದೀನಿ ಸರ್, ಬಿಡುವಾದಾಗ ನೋಡಿ" ಅಂತ ಒಂದು ಮೆಸೇಜ್ ಹಾಕೋದು ತಪ್ಪಲ್ಲ, ಆದ್ರೆ ಪೂರ್ತಿ ವಿಷಯಾನ ಅಲ್ಲಿ ಟೈಪ್ ಮಾಡ್ಬೇಡಿ. ಟ್ರಯಲ್ ದಿನ ಬಂದ್ರೂ ಉತ್ತರ ಇಲ್ಲ ಅಂದ್ರೆ ಟ್ರಯಲ್ ಶುರು ಮಾಡ್ಬೇಡಿ, ತೇವ ಅಳೆಯೋದನ್ನ ಮಾತ್ರ ಮುಂದುವರಿಸಿ, ಆ ಡೇಟಾ ಹೇಗಿದ್ರೂ ಟ್ರಯಲ್‌ಗೆ ಮುಂಚಿನ ಲೆಕ್ಕವಾಗಿ ಬೇಕೇ ಬೇಕು.

ಗೈಡ್ ಹೂಂ ಅನ್ನದೆ "ಇದರಲ್ಲಿ ಹೊಸದೇನಿದೆ?" ಅಂತ ಕೇಳಿದ್ರೆ ಗಾಬರಿಯಾಗಿ ಟಾಪಿಕ್ ಬದಲಾಯಿಸೋಕೆ ಹೋಗ್ಬೇಡಿ. ಬಿಸಿ ಮರಳಿನ ತೊಂದರೆ ಫೌಂಡ್ರಿ ಲೋಕಕ್ಕೆ ಹೊಸದಲ್ಲ, ಅದನ್ನ ಹೊಸದು ಅಂತ ಹೇಳೋದೂ ಬೇಡ. ಈ ಫೌಂಡ್ರಿಯಲ್ಲಿ, ಈ ಪಾರ್ಟಿನಲ್ಲಿ, ಹೊತ್ತಿಗೆ ತಕ್ಕಂತೆ ಬ್ಲೋ ಹೋಲ್ ಎಷ್ಟು ಬದಲಾಗುತ್ತೆ ಅಂತ ಯಾರೂ ಅಳೆದಿಲ್ಲ, ಬರೀ ಟೆಸ್ಟ್ ಮಾಡೋ ಪದ್ಧತಿ ಬದಲಾಯಿಸಿದ್ರೆ ಎಷ್ಟು ಇಳಿಯುತ್ತೆ ಅಂತ ನೋಡ್ತೀನಿ ಅಂತ ಬರೀರಿ, ಬಿಇ ಮಟ್ಟದ ಪ್ರಾಜೆಕ್ಟ್‌ಗೆ ಅದು ನ್ಯಾಯವಾದ ಉತ್ತರ. "ವ್ಯಾಪ್ತಿ ಸಾಲದು" ಅಂದ್ರೆ ಇನ್ನೊಂದು ಪಾರ್ಟ್ ಸೇರಿಸೋ ಬದಲು ಅದೇ ಮರಳಿಗೆ ಇನ್ನೊಂದು ಟೆಸ್ಟ್ ಸೇರಿಸಿ. ಮರಳಿನೊಳಗಿಂದ ಗಾಳಿ ಎಷ್ಟು ಸುಲಭವಾಗಿ ಹೊರಗೆ ಹೋಗುತ್ತೆ ಅಂತ ತೋರಿಸೋ ಪರ್ಮಿಯಬಿಲಿಟಿ ಟೆಸ್ಟ್ ಬ್ಲೋ ಹೋಲ್‌ಗೆ ನೇರವಾಗಿ ಸಂಬಂಧಪಟ್ಟಿದ್ದು, ಹೆಚ್ಚಿನ ಫೌಂಡ್ರಿ ಲ್ಯಾಬ್‌ಗಳಲ್ಲಿ ಆ ಮಷಿನ್ ಇರುತ್ತೆ, ಎರಡನೇ ಪಾರ್ಟ್ ತಗೊಂಡ್ರೆ ಮತ್ತೆ ನಾಲ್ಕು ವಾರದ ರಿಜಿಸ್ಟರ್‌ನಿಂದ ಶುರು ಮಾಡ್ಬೇಕಾಗುತ್ತೆ.

ಫೋನಲ್ಲಿ "ಆಯ್ತು ಮಾಡಮ್ಮ" ಅಂದ್ರೆ ಅವತ್ತೇ ಒಂದು ಮೇಲ್ ಹಾಕಿ: "ಸರ್, ಇವತ್ತು ಫೋನಿನಲ್ಲಿ ತಿಳಿಸಿದಂತೆ ಟಾಪಿಕ್ ಒಪ್ಪಿದ್ದೀರಿ, ಪರ್ಮಿಯಬಿಲಿಟಿ ಟೆಸ್ಟ್ ಸೇರಿಸಲು ಹೇಳಿದ್ದೀರಿ, ಅದರಂತೆ ಸೋಮವಾರ ಶುರು ಮಾಡುತ್ತೇನೆ." ಸೆಮಿಸ್ಟರ್ ಮಧ್ಯೆ ಗೈಡ್ ಬದಲಾಗೋದೂ ಉಂಟು, ಹೊಸಬ್ರಿಗೆ ತೋರಿಸೋಕೆ ನಿಮ್ಮ ಹತ್ರ ಇರೋದು ಈ ಮೇಲ್ ಒಂದೇ.

ಇನ್ನು ಟ್ರಯಲ್ ನಡೀತಾ ಇರೋವಾಗ ಕಂಪನಿಯವ್ರು ಆ ಪಾರ್ಟಿನ ಆರ್ಡರ್ ನಿಲ್ಲಿಸಿದ್ರು, ಅಥವಾ ಮಧ್ಯಾಹ್ನದ ಹೀಟ್ ಕಮ್ಮಿ ಮಾಡಿದ್ರು ಅಂದ್ಕೊಳ್ಳಿ, ಇಂಥದ್ದು ಫೌಂಡ್ರಿಯಲ್ಲಿ ಆಗ್ತಾನೇ ಇರುತ್ತೆ. ಸಿಕ್ಕಷ್ಟು ಪೀಸ್‌ನಲ್ಲಿ ಹೇಗೋ ಮುಗಿಸೋಣ ಅಂತ ಸುಮ್ನಿರ್ಬೇಡಿ. ಅದೇ ಥ್ರೆಡ್‌ನಲ್ಲಿ ಎಷ್ಟು ಪೀಸ್ ಆಗಿದೆ, ಎಷ್ಟು ಬಾಕಿ, ಅದೇ ಮರಳು ಬಳಸೋ ಬೇರೆ ಯಾವ ಪಾರ್ಟ್ ಓಡ್ತಿದೆ ಅಂತ ಬರ್ದು, ಅದಕ್ಕೆ ಬದಲಾಯಿಸಬಹುದಾ ಅಥವಾ ಟ್ರಯಲ್ ಬಿಟ್ಟು ಡೇಟಾ ಅಧ್ಯಯನಕ್ಕೇ ಸೀಮಿತ ಮಾಡ್ಬೇಕಾ ಅಂತ ಎರಡರಲ್ಲಿ ಒಂದು ಆರಿಸೋಕೆ ಕೇಳಿ. ಬದಲಾವಣೆ ಆದ ವಾರದಲ್ಲೇ ತಿಳಿಸಿದ್ರೆ ಟೈಟಲ್ ತಿದ್ದೋಕೆ ಡಿಪಾರ್ಟ್‌ಮೆಂಟ್‌ನಲ್ಲಿ ಇನ್ನೂ ಅವಕಾಶ ಇರುತ್ತೆ, ಎರಡನೇ ರಿವ್ಯೂ ದಿನ ಹೇಳಿದ್ರೆ ರಿಪೋರ್ಟಿನ ಹೆಸರು ಒಂದು ಒಳಗಿರೋದು ಇನ್ನೊಂದು ಆಗಿ ಕೂರುತ್ತೆ.